ಬೀಗ ತೆಗೆಯುವವರು ಯಾರು: ಹಳ್ಳಿಯ ಗ್ರಂಥಾಲಯಕ್ಕೆ ಸಿಎಸ್‌ಆರ್ ನೆರವು ಕೇಳುವ ಎರಡು ಪುಟ

(ಕೋಲಾರದಲ್ಲಿ ಸಣ್ಣ ಸಂಸ್ಥೆಗಳ ಕಾರ್ಯಕರ್ತರು, ಶಿಕ್ಷಕರು ಮತ್ತು ಗ್ರಂಥಾಲಯ ಮೇಲ್ವಿಚಾರಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ನಾನು ಮೊದಲ ಸಲ ಒಂದು ಕಂಪನಿಗೆ ಬರೆದ ಕಾನ್ಸೆಪ್ಟ್ ನೋಟ್ ಹನ್ನೊಂದು ಪುಟವಿತ್ತು. ಮೊದಲ ಪುಟದಲ್ಲಿ ನಳಂದ, ಎರಡನೆಯದರಲ್ಲಿ ಓದಿನಿಂದ ಮನುಷ್ಯ ಹೇಗೆ ಬೆಳೆಯುತ್ತಾನೆ ಎಂಬ ವಿಚಾರ, ಮೂರು ನಾಲ್ಕರಲ್ಲಿ ನಮ್ಮ ಸಂಸ್ಥೆ ಹುಟ್ಟಿದ ಕಥೆ. ಊರಿನ ಹೆಸರು ಬರುವ ಹೊತ್ತಿಗೆ ಐದನೆಯ ಪುಟವಾಗಿತ್ತು. ಎರಡು ವಾರದ ಮೇಲೆ ಆ ಕಂಪನಿಯ ಸಿಎಸ್‌ಆರ್ ವಿಭಾಗದಿಂದ, ಅಂದರೆ ಸಾಮಾಜಿಕ ಹೊಣೆಗಾರಿಕೆಯ ದುಡ್ಡು ನೋಡಿಕೊಳ್ಳುವ ವಿಭಾಗದಿಂದ, ಒಬ್ಬ ಹುಡುಗಿ ಫೋನ್ ಮಾಡಿದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಈಗಿರುವ ಪಂಚಾಯಿತಿ ಗ್ರಂಥಾಲಯ ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತದೆ?" ಹನ್ನೊಂದು ಪುಟ ಬರೆದವನಿಗೆ ಅದು ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ಅವಳು ಮತ್ತೆ ಫೋನ್ ಮಾಡಲಿಲ್ಲ.

ಆಮೇಲೆ ಕೆಲವು ವರ್ಷ ನಾನು ಮೇಜಿನ ಆಚೆ ಬದಿಯಲ್ಲಿ ಕುಳಿತು ಇಂಥ ನೋಟುಗಳನ್ನು ಓದುವ ಕೆಲಸ ಮಾಡಿದೆ. ಅಲ್ಲಿ ಕುಳಿತಾಗ ಅರ್ಥವಾದದ್ದು, ನೋಟನ್ನು ಓದುವವರು ಬೇರೆ, ದುಡ್ಡು ಕೊಡಲು ಒಪ್ಪುವವರು ಬೇರೆ ಎಂಬುದು. ನಿಮ್ಮ ಎರಡು ಪುಟ ಮೊದಲು ಒಬ್ಬ ಕಿರಿಯ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಅವಳ ಮುಂದೆ ಇನ್ನೂ ಮೂವತ್ತೋ ನಲವತ್ತೋ ಇರುತ್ತವೆ. ಅವಳಿಗೆ ಇಷ್ಟವಾದರೆ ಅದನ್ನು ಸಮಿತಿಯ ಮುಂದೆ ಇಡುತ್ತಾಳೆ. ಅಲ್ಲಿ ಫ್ಯಾಕ್ಟರಿ ನಡೆಸುವವರು, ಲೆಕ್ಕ ನೋಡುವವರು, ನಿರ್ದೇಶಕರು ಕುಳಿತಿರುತ್ತಾರೆ. ಅವರು ನಿಮ್ಮ ನೋಟನ್ನು ಓದುವುದಿಲ್ಲ, ಅವಳು ಹೇಳುವುದನ್ನು ಕೇಳುತ್ತಾರೆ, ನಡುವೆ ಎರಡು ಪ್ರಶ್ನೆ ಹಾಕುತ್ತಾರೆ. ಅಂದರೆ ನೀವು ಬರೆಯುತ್ತಿರುವುದು ಇನ್ನೊಬ್ಬರ ಬಾಯಲ್ಲಿ ಬರಬೇಕಾದ ಮಾತು. ಆ ಎರಡು ಪ್ರಶ್ನೆಗಳು ಬಂದಾಗ ಅವಳು ತಡವರಿಸಬಾರದು. ನಾನು ಕಂಡಂತೆ ಗ್ರಂಥಾಲಯದ ವಿಷಯದಲ್ಲಿ ಆ ಪ್ರಶ್ನೆಗಳು ಬದಲಾಗುವುದೇ ಇಲ್ಲ. ಸರ್ಕಾರದ ಗ್ರಂಥಾಲಯ ಇದೆಯಲ್ಲ, ಇನ್ನೊಂದು ಯಾಕೆ? ನಾವು ದುಡ್ಡು ನಿಲ್ಲಿಸಿದ ಮೇಲೆ ಇದರ ಗತಿ ಏನು?

ಕಾನೂನಿನ ವಿಚಾರ ಸ್ವಲ್ಪ ಹೇಳಿ ಮುಗಿಸುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ನಿವ್ವಳ ಲಾಭ 5 ಕೋಟಿ ಮುಟ್ಟಿದ, ಅಥವಾ ವಹಿವಾಟು 1000 ಕೋಟಿ ಮುಟ್ಟಿದ, ಅಥವಾ ನಿವ್ವಳ ಆಸ್ತಿ 500 ಕೋಟಿ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸ ಎಂಬುದು ಆ ಕಾಯ್ದೆಯ ಏಳನೇ ಅನುಸೂಚಿಯಲ್ಲಿದೆ. ನಾವೆಲ್ಲ ಗ್ರಂಥಾಲಯ ಎಂದ ಕೂಡಲೇ "ಶಿಕ್ಷಣ" ಎಂದು ಬರೆದುಬಿಡುತ್ತೇವೆ, ಅದು ಎರಡನೇ ಬಾಬು. ಆದರೆ ಐದನೇ ಬಾಬಿನಲ್ಲಿ, ಪರಂಪರೆ, ಕಲೆ, ಸಂಸ್ಕೃತಿಯ ಸಾಲಿನಲ್ಲಿ, ಸಾರ್ವಜನಿಕ ಗ್ರಂಥಾಲಯ ಸ್ಥಾಪನೆ ಎಂದು ಹೆಸರಿಟ್ಟೇ ಹೇಳಿದೆ. ಎರಡನ್ನೂ ನಮೂದಿಸಿ. ಕೆಲವು ಕಂಪನಿಗಳಲ್ಲಿ ಶಿಕ್ಷಣದ ದುಡ್ಡು ಶಾಲೆ ಕಟ್ಟಡಕ್ಕೆ ಹಂಚಿಹೋಗಿ, ಐದನೇ ಬಾಬಿನಲ್ಲಿ ಕೇಳುವವರೇ ಇಲ್ಲದೆ ಜಾಗ ಉಳಿದಿರುತ್ತದೆ. ಇನ್ನೊಂದು, ಕಂಪನಿ ತಾನು ಕೆಲಸ ಮಾಡುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಪಕ್ಕದಲ್ಲಿರುವ ನಿಮಗೆ ಅದಕ್ಕಿಂತ ದೊಡ್ಡ ಆಸರೆ ಇಲ್ಲ. ಊರಿನಿಂದ ಕಾರ್ಖಾನೆಯ ಗೇಟಿಗೆ ಎಷ್ಟು ಕಿಲೋಮೀಟರ್ ಎಂಬುದು ನೋಟಿನ ಮೊದಲ ನಾಲ್ಕು ಸಾಲಿನಲ್ಲಿ ಇರಲಿ.

ಈಗ ನಿಜವಾದ ಒಂದು ಊರನ್ನು ತೆಗೆದುಕೊಳ್ಳುತ್ತೇನೆ. ಹೆಸರು ಹೇಳುವುದಿಲ್ಲ, ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ದುಂಡಗೆ ಮಾಡಿದ್ದೇನೆ. ಪಂಚಾಯಿತಿ ಕೇಂದ್ರದ ಊರು, ಜೊತೆಗೆ ಎರಡು ಸಣ್ಣ ಹಳ್ಳಿಗಳು, ಒಂದು ಎರಡು ಕಿಲೋಮೀಟರ್ ದೂರ, ಇನ್ನೊಂದು ಮೂರು. ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. ನಿಮಗೆ ಗೊತ್ತಿರುವಂತೆ ರಾಜ್ಯದಲ್ಲಿ ಇಂಥವು 5,600ಕ್ಕೂ ಹೆಚ್ಚಿವೆ; 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಎಂಬ ಫಲಕ ಹೊತ್ತಿವೆ. ಮಕ್ಕಳಿಗೆ ಸದಸ್ಯತ್ವ ಉಚಿತ. ಅಂದರೆ "ನಮ್ಮೂರಿನಲ್ಲಿ ಗ್ರಂಥಾಲಯವೇ ಇಲ್ಲ" ಎಂದು ಬರೆದರೆ ಅದು ಬಹುಪಾಲು ಸುಳ್ಳಾಗುತ್ತದೆ. ಸಮಿತಿಯಲ್ಲಿ ಯಾರೋ ಒಬ್ಬರು ಫೋನಿನಲ್ಲಿ ಹುಡುಕಿ ಅಲ್ಲೇ ಹೇಳುತ್ತಾರೆ.

ಆ ಊರಿಗೆ ಹೋದಾಗ ನಾವು ಸಮೀಕ್ಷೆ ಮಾಡಲಿಲ್ಲ, ಪ್ರಶ್ನಾವಳಿ ಹಂಚಲಿಲ್ಲ. ಒಂದು ನೋಟ್‌ಬುಕ್ ಹಿಡಿದು ಐದು ದಿನ ಗ್ರಂಥಾಲಯದ ಎದುರಿನ ಕಟ್ಟೆಯ ಮೇಲೆ ಕುಳಿತೆವು. ಗ್ರಂಥಾಲಯ ಬೆಳಿಗ್ಗೆ ಒಂಬತ್ತೂವರೆಗೆ ತೆರೆಯುತ್ತಿತ್ತು, ಸಂಜೆ ಐದಕ್ಕೆ ಮುಚ್ಚುತ್ತಿತ್ತು. ಮೇಲ್ವಿಚಾರಕಿ ದಕ್ಷ ಹೆಣ್ಣುಮಗಳು, ಒಂದು ದಿನವೂ ತಡವಾಗಲಿಲ್ಲ. ಬೆಳಗಿನ ಹೊತ್ತು ಹತ್ತು ಹನ್ನೆರಡು ಜನ ಹಿರಿಯರು ಪತ್ರಿಕೆ ಓದುತ್ತಿದ್ದರು, ಐದಾರು ಯುವಕರು ಪೊಲೀಸ್ ಮತ್ತು ಪಿಡಿಒ ಪರೀಕ್ಷೆಗೆ ಓದುತ್ತಿದ್ದರು. ಶಾಲೆ ಬಿಡುವುದು ನಾಲ್ಕು ಇಪ್ಪತ್ತಕ್ಕೆ. ಮಗು ಮನೆಗೆ ಹೋಗಿ, ಚೀಲ ಇಟ್ಟು, ಏನಾದರೂ ತಿಂದು ಬರುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತಿತ್ತು. ಐದು ದಿನದಲ್ಲಿ ಒಳಗೆ ಹೋದ ಮಕ್ಕಳು ಒಟ್ಟು ಒಂಬತ್ತು. ಮುಚ್ಚಿದ ಬಾಗಿಲ ಮುಂದೆ ಹಾದುಹೋದವರನ್ನು ಮೂರನೆಯ ದಿನದಿಂದ ಎಣಿಸತೊಡಗಿದೆವು. ಯಾಕೆಂದರೆ ಗ್ರಂಥಾಲಯದಿಂದ ನಾಲ್ಕನೆಯ ಮನೆಯೇ ಹಾಲಿನ ಡೇರಿ. ಸಂಜೆ ಐದೂವರೆಯಿಂದ ಆರೂವರೆಯವರೆಗೆ ಕ್ಯಾನು ಹಿಡಿದು ಬರುವವರಲ್ಲಿ ಅರ್ಧಕ್ಕರ್ಧ ಮಕ್ಕಳೇ. ಒಂದು ಸಂಜೆ ಅರವತ್ತೆರಡು ಮಕ್ಕಳು. ಫ್ಯಾಟು ನೋಡಿ ಚೀಟಿ ಕೊಡುವ ತನಕ ಸಾಲಿನಲ್ಲಿ ನಿಲ್ಲುತ್ತಾರೆ, ಆಮೇಲೆ ಖಾಲಿ ಕ್ಯಾನು ಬಡಿಯುತ್ತಾ ಅಲ್ಲೇ ಕತ್ತಲಾಗುವವರೆಗೆ ಆಡುತ್ತಾರೆ.

ಇದು ಗೊತ್ತಾದ ಮೇಲೆ ಯೋಜನೆ ತಾನಾಗಿಯೇ ಬರೆಯಿಸಿಕೊಂಡಿತು. ಹೊಸ ಗ್ರಂಥಾಲಯ ಬೇಡ. ಇರುವ ಗ್ರಂಥಾಲಯ ಡೇರಿಯ ಹೊತ್ತಿಗೆ ತೆರೆದಿರಬೇಕು, ಒಳಗೆ ಮಕ್ಕಳ ಪುಸ್ತಕ ಇರಬೇಕು, ಆ ಎರಡೂವರೆ ಗಂಟೆ ಅಲ್ಲಿ ಒಬ್ಬರು ಕುಳಿತಿರಬೇಕು.

ಎರಡು ಪ್ಯಾರಾ ಓದಿ ತೋರಿಸುತ್ತೇನೆ. ಮೊದಲನೆಯದು ಇದೇ ಊರಿಗಾಗಿ ನಮ್ಮ ಹುಡುಗರು ಮೊದಲು ಬರೆದದ್ದು: "ಗ್ರಾಮೀಣ ಭಾಗದ ಮಕ್ಕಳು ಜ್ಞಾನದಿಂದ ವಂಚಿತರಾಗಿದ್ದಾರೆ. ಮೊಬೈಲ್ ಹಾವಳಿಯಿಂದ ಓದುವ ಹವ್ಯಾಸ ಕ್ಷೀಣಿಸುತ್ತಿದೆ. ಈ ಹಿನ್ನೆಲೆಯಲ್ಲಿ ಸುಸಜ್ಜಿತ ಗ್ರಂಥಾಲಯದ ಮೂಲಕ ಮಕ್ಕಳ ಸರ್ವತೋಮುಖ ಅಭಿವೃದ್ಧಿ ಸಾಧಿಸುವುದು ನಮ್ಮ ಗುರಿ." ಇದರಲ್ಲಿ ಊರಿನ ಹೆಸರು ಬದಲಿಸಿ ಬೀದರಿಗೂ ಕಳಿಸಬಹುದು, ಚಾಮರಾಜನಗರಕ್ಕೂ ಕಳಿಸಬಹುದು.

ಕಳಿಸಿದ್ದು ಇದು: "ನಿಮ್ಮ ಕಾರ್ಖಾನೆಯಿಂದ ಒಂಬತ್ತು ಕಿಲೋಮೀಟರ್ ದೂರದ ಈ ಊರಿನಲ್ಲಿ ಪಂಚಾಯಿತಿ ಗ್ರಂಥಾಲಯ ಚೆನ್ನಾಗಿಯೇ ನಡೆಯುತ್ತಿದೆ, ಸಂಜೆ ಐದಕ್ಕೆ ಮುಚ್ಚುತ್ತದೆ. ಐದು ದಿನದಲ್ಲಿ ಅದರೊಳಗೆ ಹೋದ ಮಕ್ಕಳು ಒಂಬತ್ತು. ಅದು ಮುಚ್ಚಿದ ಮೇಲೆ ಪಕ್ಕದ ಡೇರಿಗೆ ಹಾಲು ಹಾಕಲು ಒಂದು ಸಂಜೆಯಲ್ಲಿ ಬಂದ ಮಕ್ಕಳು ಅರವತ್ತೆರಡು. ವಾರದಲ್ಲಿ ಆರು ದಿನ ಸಂಜೆ ಐದೂವರೆಯಿಂದ ಎಂಟರವರೆಗೆ ಅದೇ ಕೊಠಡಿಯನ್ನು ಮಕ್ಕಳಿಗಾಗಿ ತೆರೆದಿಡಲು ಪಂಚಾಯಿತಿ ಒಪ್ಪಿದೆ. ಅದಕ್ಕೆ ಬೇಕಾದ ಒಬ್ಬ ಸಹಾಯಕಿ, ಸಾವಿರ ಪುಸ್ತಕ ಮತ್ತು ಮೂರು ವರ್ಷದ ನೆರವನ್ನು ಕೇಳುತ್ತಿದ್ದೇವೆ." ಆ ಅಧಿಕಾರಿ ಸಮಿತಿಯ ಮುಂದೆ ಇದನ್ನು ಮೂರು ವಾಕ್ಯದಲ್ಲಿ ಹೇಳಬಹುದು. "ಸರ್ಕಾರದ್ದು ಇದೆಯಲ್ಲ" ಎಂಬ ಪ್ರಶ್ನೆಗೆ ಉತ್ತರ ಒಳಗೇ ಇದೆ. ಇನ್ನೊಂದು ಸೂಕ್ಷ್ಮ: ಮೇಲ್ವಿಚಾರಕಿಯನ್ನು ನಾವು ದೂರಲಿಲ್ಲ. ದೂರಿದ್ದರೆ ಪಂಚಾಯಿತಿಯ ಒಪ್ಪಿಗೆ ಸಿಗುತ್ತಿರಲಿಲ್ಲ, ಅದಕ್ಕಿಂತ ಮುಖ್ಯವಾಗಿ ಅದು ಅನ್ಯಾಯವಾಗುತ್ತಿತ್ತು.

ಪುಸ್ತಕದ ಬಗ್ಗೆ ಒಂದು ಮಾತು. "ಸಾವಿರ ಪುಸ್ತಕ" ಎಂದರೆ ಯಾವ ಪುಸ್ತಕ ಎಂದು ಒಂದು ಸಾಲು ಬರೆಯಿರಿ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಐದನೇ ತರಗತಿಯ ಮಗು ಅಕ್ಷರ ಕೂಡಿಸಿ ಓದುತ್ತದೆ, ಆದರೆ ಪುಟದ ತುಂಬ ಸಣ್ಣಕ್ಷರ ಕಂಡರೆ ಪುಸ್ತಕ ಮುಚ್ಚುತ್ತದೆ. ಅದಕ್ಕೇ ನಾವು ಮೂರರಲ್ಲೊಂದು ಪಾಲು ಪುಟಕ್ಕೆ ಎರಡು ಮೂರು ಸಾಲು ಇರುವ ಚಿತ್ರಪುಸ್ತಕಗಳಿಗೆ ಇಟ್ಟೆವು, ಅವೂ ಪ್ರತಿಯೊಂದು ಎರಡೆರಡು ಪ್ರತಿ. ಗೆಳತಿಯರು ಒಂದೇ ಪುಸ್ತಕವನ್ನು ಒಟ್ಟಿಗೆ ಓದಬಯಸುತ್ತಾರೆ, ಒಂದೇ ಪ್ರತಿ ಇದ್ದರೆ ಜಗಳ, ಜಗಳದಲ್ಲಿ ಹರಿದುಹೋದದ್ದು ಪುಸ್ತಕ. ಇಷ್ಟನ್ನೂ ನೋಟಿನಲ್ಲಿ ಬರೆಯಬೇಕಿಲ್ಲ. "ಮೂರರಲ್ಲೊಂದು ಪಾಲು ಓದು ಕಲಿಯುತ್ತಿರುವವರಿಗೆ, ಏಕೆಂದರೆ ಮನೆಮಾತು ತೆಲುಗು" ಎಂದರೆ ಸಾಕು. ದಾನಿಗಳ ಮನೆಯ ಅಟ್ಟದಿಂದ ಬರುವ ಹಳೆಯ ಗೈಡುಗಳನ್ನು ತೆಗೆದುಕೊಳ್ಳುವುದಿಲ್ಲ ಎಂದೂ ಒಂದು ಸಾಲು ಸೇರಿಸಿದ್ದೆವು. ಯಾಕೆಂದರೆ ಕಂಪನಿಯವರು ಅತ್ಯಂತ ಪ್ರೀತಿಯಿಂದ ಮಾಡುವ ಮೊದಲ ಕೆಲಸವೇ ನೌಕರರಿಂದ ಹಳೆ ಪುಸ್ತಕ ಸಂಗ್ರಹಿಸಿ ಲಾರಿಯಲ್ಲಿ ಕಳಿಸುವುದು.

ಇಲ್ಲಿ ನನ್ನ ಹಳೆಯ ಪೆಟ್ಟೊಂದನ್ನು ಹೇಳಿಬಿಡುತ್ತೇನೆ. ಬೇರೊಂದು ಊರು, ಬೇರೊಂದು ಕಂಪನಿ. ನಾವು ಪುಸ್ತಕ ಮತ್ತು ಒಬ್ಬ ಸಹಾಯಕನನ್ನು ಕೇಳಿದ್ದೆವು. ಅವರು, ಪುಸ್ತಕ ಸರಿ, ಜೊತೆಗೆ ನಾಲ್ಕು ಕಂಪ್ಯೂಟರ್ ಕೊಡುತ್ತೇವೆ, ಆದರೆ ಸಂಬಳ ಕೊಡುವುದಿಲ್ಲ ಎಂದರು. ಬಂದದ್ದು ಬರಲಿ ಎಂದು ಒಪ್ಪಿದೆ. ಉದ್ಘಾಟನೆ ಆಯಿತು, ಟೇಪು ಕತ್ತರಿಸಿದರು. ಒಂದು ತಿಂಗಳಲ್ಲಿ ಪಂಚಾಯಿತಿಯವರಿಗೆ ಕಂಪ್ಯೂಟರ್ ಕಳುವಾದರೆ ಯಾರು ಜವಾಬ್ದಾರಿ ಎಂಬ ಚಿಂತೆ ಹತ್ತಿತು. ಕಿಟಕಿಗೆ ಕಬ್ಬಿಣದ ಜಾಲರಿ ಬಂತು, ಬಾಗಿಲಿಗೆ ಎರಡನೆಯ ಬೀಗ ಬಂತು, ಬೀಗದ ಕೈ ಪಂಚಾಯಿತಿ ಕಚೇರಿಯ ಬೀರುವಿಗೆ ಹೋಯಿತು. ಎರಡನೆಯ ವರ್ಷ ಯುಪಿಎಸ್‌ನ ಬ್ಯಾಟರಿ ಸತ್ತಿತು, ಕಂಪ್ಯೂಟರ್ ನಿಂತವು, ಬೀಗ ಮಾತ್ರ ಹಾಗೆಯೇ ಉಳಿಯಿತು. ಅದರ ಹಿಂದೆ ಪುಸ್ತಕಗಳೂ ಉಳಿದವು. ತಪ್ಪು ಕಂಪನಿಯದಲ್ಲ, ಒಪ್ಪಿದವನು ನಾನು. ಹಳ್ಳಿಯ ಗ್ರಂಥಾಲಯಕ್ಕೆ ಬೆಲೆಬಾಳುವ ವಸ್ತು ತಂದಿಟ್ಟರೆ, ಅದನ್ನು ಕಾಯಲು ದಿನವೂ ಒಬ್ಬರು ಇಲ್ಲದಿದ್ದರೆ, ಆ ವಸ್ತು ಬಾಗಿಲನ್ನು ಮುಚ್ಚಿಸುತ್ತದೆ.

ಆದ್ದರಿಂದ ಈಗ ಬಜೆಟ್ಟಿಗೆ ಬರೋಣ. ಎರಡನೆಯ ಪುಟದ ಮೇಲರ್ಧ ಅದಕ್ಕೇ ಮೀಸಲು. ಈ ಊರಿಗೆ ಮೂರು ವರ್ಷಕ್ಕೆ ನಾವು ಕೇಳಿದ್ದು 9,32,000 ರೂಪಾಯಿ. ಮೊದಲ ವರ್ಷ 3,82,000, ಎರಡನೆಯದು 2,72,000, ಮೂರನೆಯದು 2,78,000. ಮೊದಲ ವರ್ಷ ಹೆಚ್ಚು, ಯಾಕೆಂದರೆ ಸಾವಿರ ಪುಸ್ತಕ ಸರಾಸರಿ 80 ರೂಪಾಯಿಯಂತೆ 80,000, ಮತ್ತು ಗಿಡ್ಡ ಕಪಾಟು, ಚಾಪೆ, ದೀಪ, ಗೋಡೆ ರಿಪೇರಿಗೆ 60,000. ಇವು ಒಂದು ಸಲದ ಖರ್ಚು. ಮುಂದಿನ ವರ್ಷಗಳಲ್ಲಿ ಮುನ್ನೂರು ಮುನ್ನೂರು ಹೊಸ ಪುಸ್ತಕ. ಸಹಾಯಕಿಯ ಗೌರವಧನ ತಿಂಗಳಿಗೆ 9,000ದಿಂದ ಶುರುವಾಗಿ ವರ್ಷಕ್ಕೆ 500 ಏರುತ್ತದೆ. ಉಳಿದದ್ದು ಪ್ರತಿ ವರ್ಷ ಒಂದೇ ಸಮ: ಅರೆಕಾಲಿಕ ಸಂಯೋಜಕರಿಗೆ 72,000, ಎರಡು ಹಳ್ಳಿಗಳಿಗೆ ಶನಿವಾರ ಪುಸ್ತಕದ ಪೆಟ್ಟಿಗೆ ಕೊಂಡೊಯ್ಯುವುದಕ್ಕೆ 18,000, ತರಬೇತಿ ಮತ್ತು ಕಥೆ ಹೇಳುವ ದಿನಗಳಿಗೆ 24,000, ಲೆಕ್ಕಪತ್ರ ಹಾಗೂ ಕಚೇರಿಗೆ 20,000.

ಮೂರು ವರ್ಷದ ಒಟ್ಟು ಮೊತ್ತದಲ್ಲಿ ಪುಸ್ತಕಕ್ಕೆ ಹೋಗುವುದು 1,28,000. ಸಹಾಯಕಿಗೆ ಹೋಗುವುದು 3,42,000. ಈ ಎರಡು ಅಂಕಿ ನೋಡಿ ಸಮಿತಿಯಲ್ಲಿ ಹುಬ್ಬೇರುತ್ತದೆ. "ಇದು ಗ್ರಂಥಾಲಯದ ಯೋಜನೆಯೋ, ಸಂಬಳದ ಯೋಜನೆಯೋ?" ಎಂದು ಕೇಳುತ್ತಾರೆ. ನಮ್ಮ ಎಷ್ಟೋ ಜನ ಇದಕ್ಕೆ ಹೆದರಿ ಸಂಬಳವನ್ನು "ಕಾರ್ಯಕ್ರಮ ವೆಚ್ಚ" ಎಂಬ ಹೆಸರಿನೊಳಗೆ ಅಡಗಿಸುತ್ತಾರೆ. ಅಡಗಿಸಬೇಡಿ, ಲೆಕ್ಕ ನೋಡುವವರು ಅದನ್ನು ಮೊದಲ ನೋಟದಲ್ಲೇ ಹಿಡಿಯುತ್ತಾರೆ, ಆಮೇಲೆ ನಿಮ್ಮ ಉಳಿದ ಸಾಲುಗಳನ್ನೂ ನಂಬುವುದಿಲ್ಲ. ನಾವು ಬಜೆಟ್ಟಿನ ಕೆಳಗೆ ಒಂದು ವಾಕ್ಯ ಬರೆದೆವು: "ಸಂಜೆಯ ಗ್ರಂಥಾಲಯಕ್ಕೆ ಬೇಕಾದ ಕೊಠಡಿ, ವಿದ್ಯುತ್ತು ಮತ್ತು ಹಗಲಿನ ಸಿಬ್ಬಂದಿ ಪಂಚಾಯಿತಿಯಿಂದ ಬರುತ್ತದೆ, ಇಲ್ಲದಿರುವುದು ಸಂಜೆ ಬಾಗಿಲು ತೆರೆದು ಕೂರುವ ಮನುಷ್ಯ, ಆದ್ದರಿಂದ ಹೆಚ್ಚಿನ ಹಣವನ್ನು ಅಲ್ಲಿಗೆ ಕೇಳಿದ್ದೇವೆ."

ಇಲ್ಲೇ ಇನ್ನೊಂದು ಗೊಂದಲ ಬಿಡಿಸುತ್ತೇನೆ. ಕೆಲವು ಕಂಪನಿಗಳ ಕಿರಿಯ ಅಧಿಕಾರಿಗಳು, "ನಿಯಮದ ಪ್ರಕಾರ ಆಡಳಿತ ವೆಚ್ಚ ಶೇಕಡಾ 5 ಮೀರಬಾರದು, ಸಂಯೋಜಕರ ಸಂಬಳ ತೆಗೆಯಿರಿ" ಎನ್ನುತ್ತಾರೆ. ನಿಯಮದಲ್ಲಿ ಶೇಕಡಾ 5 ಇರುವುದು ನಿಜ. ಆದರೆ ಅದು ಕಂಪನಿ ತನ್ನದೇ ಸಿಎಸ್‌ಆರ್ ವಿಭಾಗವನ್ನು ನಡೆಸುವ ಸಾಮಾನ್ಯ ಆಡಳಿತ ವೆಚ್ಚಕ್ಕೆ ಹಾಕಿದ ಮಿತಿ. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸಲು, ನಡೆಸಲು, ಮೇಲ್ವಿಚಾರಣೆ ಮಾಡಲು ನೇರವಾಗಿ ಆಗುವ ವೆಚ್ಚ ಆ ಮಿತಿಯೊಳಗೆ ಬರುವುದಿಲ್ಲ. ಕಂಪನಿ ತನ್ನದೇ ನೀತಿಯಿಂದ ಮಿತಿ ಹಾಕಿಕೊಂಡಿದ್ದರೆ ಅದು ಬೇರೆ ಮಾತು. ವಾದಕ್ಕೆ ಇಳಿಯದೆ, "ಇದು ನಿಮ್ಮ ಕಂಪನಿಯ ನೀತಿಯೇ, ಕಾಯ್ದೆಯ ನಿಯಮವೇ?" ಎಂದು ಮೆಲ್ಲಗೆ ಕೇಳಿ. ಅರ್ಧದಷ್ಟು ಸಲ ಅವರೇ ಒಳಗೆ ಹೋಗಿ ವಿಚಾರಿಸಿ ಬರುತ್ತಾರೆ.

ಎರಡನೆಯ ಪ್ರಶ್ನೆ ಉಳಿದಿದೆ, ದುಡ್ಡು ನಿಂತ ಮೇಲೆ ಗತಿ ಏನು. ನಿಯಮದ ಪ್ರಕಾರ ಮುಂದುವರಿಯುವ ಯೋಜನೆಯೊಂದು ಶುರುವಾದ ಆರ್ಥಿಕ ವರ್ಷವನ್ನು ಬಿಟ್ಟು ಮೂರು ವರ್ಷಕ್ಕಿಂತ ಹೆಚ್ಚು ನಡೆಯುವಂತಿಲ್ಲ. ಆದ್ದರಿಂದ ಈ ಪ್ರಶ್ನೆ ಅವರ ಅನುಮಾನವಲ್ಲ, ಅವರ ಕಟ್ಟುಪಾಡು. ಇದಕ್ಕೆ ನಾನು ಓದಿದ ನೋಟುಗಳಲ್ಲಿ ಬಹುಪಾಲು ಕಂಡ ಉತ್ತರ: "ಯೋಜನೆಯ ನಂತರ ಸಮುದಾಯವೇ ಗ್ರಂಥಾಲಯವನ್ನು ಮುನ್ನಡೆಸುತ್ತದೆ." ಸಮುದಾಯ ಎಂದರೆ ಯಾರು, ಅವರ ಮನೆ ಎಲ್ಲಿ ಎಂದು ಕೇಳಬೇಕೆನಿಸುತ್ತಿತ್ತು.

ನಾವು ಪಿಡಿಒ ಹತ್ತಿರ ಹೋಗಿ ಒಂದು ಅಂಕಿ ಕೇಳಿದೆವು. ಮನೆ ಕಂದಾಯದ ಜೊತೆಗೆ ಪಂಚಾಯಿತಿ ಶೇಕಡಾ 6 ಗ್ರಂಥಾಲಯ ಕರ ವಸೂಲು ಮಾಡುತ್ತದೆ. ನಿಮ್ಮ ಮನೆಯ ರಸೀದಿ ತೆಗೆದು ನೋಡಿ, ಅದರಲ್ಲಿ ಒಂದು ಸಾಲು ಇರುತ್ತದೆ. ಎಷ್ಟೋ ಜನ ಆ ಸಾಲನ್ನು ಓದಿಯೇ ಇರುವುದಿಲ್ಲ. ಆ ಪಂಚಾಯಿತಿಯಲ್ಲಿ ವರ್ಷಕ್ಕೆ ವಸೂಲಾಗುವ ತೆರಿಗೆ ಸುಮಾರು 15 ಲಕ್ಷ, ಅಂದರೆ ಗ್ರಂಥಾಲಯ ಕರ 90,000. ಬೇಡಿಕೆ ಎಷ್ಟು, ವಸೂಲಿ ಎಷ್ಟು ಎಂದು ಎರಡನ್ನೂ ಕೇಳಿ, ವಸೂಲಿಯ ಅಂಕಿಯನ್ನೇ ಹಿಡಿಯಿರಿ. ಬೇಡಿಕೆ ಕಾಗದದ ಮೇಲಿನ ದುಡ್ಡು. ಅದರಲ್ಲಿ ಪತ್ರಿಕೆ, ವಿದ್ಯುತ್ತಿಗೆಂದು ಆಗಲೇ 20,000 ಹೋಗುತ್ತಿತ್ತು. ಉಳಿದದ್ದು 70,000. ಹಾಲು ಉತ್ಪಾದಕರ ಸಂಘದವರು ತಮ್ಮ ಸದಸ್ಯರ ಮಕ್ಕಳೇ ಬರುವುದೆಂದು ವರ್ಷಕ್ಕೆ 30,000 ಕೊಡುವುದಾಗಿ ಪತ್ರ ಕೊಟ್ಟರು. ಅಲ್ಲಿಗೆ ಒಂದು ಲಕ್ಷ.

ನಾಲ್ಕನೆಯ ವರ್ಷ ಸಂಜೆಯ ಗ್ರಂಥಾಲಯಕ್ಕೆ ಬೇಕಾಗುವುದು ಎಷ್ಟು? ಸಂಯೋಜಕರು, ತರಬೇತಿ ಅಷ್ಟರಲ್ಲಿ ಮುಗಿದಿರುತ್ತದೆ. ಶನಿವಾರದ ಪೆಟ್ಟಿಗೆಯನ್ನು ಆ ಹಳ್ಳಿಗಳ ಶಾಲೆಗಳಿಗೇ ಒಪ್ಪಿಸಿರುತ್ತೇವೆ. ಸಹಾಯಕಿಗೆ ತಿಂಗಳಿಗೆ 10,500ರಂತೆ 1,26,000, ಹೊಸ ಪುಸ್ತಕಕ್ಕೆ 24,000, ಒಟ್ಟು ಒಂದೂವರೆ ಲಕ್ಷ. ಇರುವುದು ಒಂದು ಲಕ್ಷ. 50,000 ಕಡಿಮೆ ಬೀಳುತ್ತದೆ. ಅದನ್ನು ಹಾಗೆಯೇ ಬರೆದೆವು: "50,000 ರೂಪಾಯಿಯ ಕೊರತೆ ಇದೆ. ಮೂರನೆಯ ವರ್ಷದ ಆಗಸ್ಟ್ ಒಳಗೆ ಇದಕ್ಕೆ ದಾರಿ ಸಿಗದಿದ್ದರೆ ಸಂಜೆಯ ಗ್ರಂಥಾಲಯವನ್ನು ವಾರಕ್ಕೆ ಆರು ದಿನದ ಬದಲು ನಾಲ್ಕು ದಿನಕ್ಕೆ ಇಳಿಸಿ, ಇರುವ ಹಣದಲ್ಲಿ ನಡೆಸುತ್ತೇವೆ." ನಾಲ್ಕು ದಿನಕ್ಕೆ ಗೌರವಧನ 84,000, ಪುಸ್ತಕಕ್ಕೆ 16,000, ಲೆಕ್ಕ ಸರಿಹೋಗುತ್ತದೆ. ನಮ್ಮ ಟ್ರಸ್ಟಿನ ಹಿರಿಯರೊಬ್ಬರು ಇದನ್ನು ಓದಿ ಕೆಂಡವಾದರು. "ದುಡ್ಡು ಕೇಳುವಾಗ ಯಾರಾದರೂ ಸೋಲನ್ನು ಮೊದಲೇ ಬರೆದುಕೊಡುತ್ತಾರೇನಯ್ಯ?" ಎಂದರು. ನಾನು ಬಿಟ್ಟುಕೊಡಲಿಲ್ಲ. ಆಮೇಲೆ ಆ ಕಂಪನಿಯ ಲೆಕ್ಕದ ಮುಖ್ಯಸ್ಥರು ಎರಡು ಪುಟದಲ್ಲಿ ಅಡಿಗೆರೆ ಎಳೆದದ್ದು ಈ ಒಂದೇ ಪ್ಯಾರಾಕ್ಕೆ.

ಕಪಾಟು, ಪುಸ್ತಕ ಯಾರ ಹೆಸರಿನಲ್ಲಿರುತ್ತದೆ ಎಂಬುದನ್ನೂ ಇಲ್ಲೇ ಹೇಳಬೇಕು. 2021ರ ತಿದ್ದುಪಡಿಯ ನಂತರ ಸಿಎಸ್‌ಆರ್ ದುಡ್ಡಿನಲ್ಲಿ ಮಾಡಿದ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ನೋಂದಾಯಿತ ಸಂಸ್ಥೆಯ ಹೆಸರಿನಲ್ಲಿರಬೇಕು, ಅಥವಾ ಫಲಾನುಭವಿಗಳ ಸಂಘದ್ದಾಗಬೇಕು, ಅಥವಾ ಸಾರ್ವಜನಿಕ ಪ್ರಾಧಿಕಾರದ್ದಾಗಬೇಕು. ನಾವು ಪಂಚಾಯಿತಿಯ ಹೆಸರಿಗೇ ಬರೆದೆವು, ಗ್ರಂಥಾಲಯದ ದಾಖಲೆ ವಹಿಯಲ್ಲೇ ಪುಸ್ತಕಗಳು ಏರುತ್ತವೆ ಎಂದೆವು. ಇದಕ್ಕೆ ಪಂಚಾಯಿತಿಯ ಸಾಮಾನ್ಯ ಸಭೆಯ ನಿರ್ಣಯ ಬೇಕು. ಅಧ್ಯಕ್ಷರು ಬಾಯಲ್ಲಿ "ಮಾಡೋಣ ಬಿಡಿ" ಎಂದದ್ದು ಸಾಲದು. ಮುಂದಿನ ಚುನಾವಣೆಯಲ್ಲಿ ಅವರು ಇರುವುದಿಲ್ಲ, ನಿರ್ಣಯ ಇರುತ್ತದೆ. ನಿರ್ಣಯದಲ್ಲಿ ಸಂಜೆಯ ಸಮಯ, ಬೀಗದ ಕೈ ಯಾರ ಬಳಿ, ಕರದ ಹಣದಲ್ಲಿ ಎಷ್ಟು ಎಂಬ ಮೂರೂ ಬರಲಿ. ನೋಟಿಗೆ ಲಗತ್ತಿಸುವ ಕಾಗದ ಇದೊಂದೇ ಆದರೂ ನಡೆಯುತ್ತದೆ. ಆದಾಯ ತೆರಿಗೆಯ 12ಎ, 80ಜಿ, ಮತ್ತು ಸಿಎಸ್‌ಆರ್ ದುಡ್ಡು ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿಯ ಸಂಖ್ಯೆಗಳನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಕೊಡಿ. ನಿಮ್ಮ ಸಂಸ್ಥೆಗೆ ಇವು ಇಲ್ಲದಿದ್ದರೆ, ಅಥವಾ ಇಂಥ ಕೆಲಸದಲ್ಲಿ ಮೂರು ವರ್ಷದ ಅನುಭವ ಇಲ್ಲದಿದ್ದರೆ, ಇರುವ ಇನ್ನೊಂದು ಸಂಸ್ಥೆಯ ಜೊತೆ ಸೇರಿ ಬರೆಯಿರಿ. ಮುಚ್ಚಿಟ್ಟರೆ ಪರಿಶೀಲನೆಯ ಮೊದಲ ದಿನವೇ ಗೊತ್ತಾಗುತ್ತದೆ.

ಇನ್ನು ಫಲಿತಾಂಶ. "ಮಕ್ಕಳ ಓದುವ ಸಾಮರ್ಥ್ಯ ಶೇಕಡಾ 40 ಹೆಚ್ಚುತ್ತದೆ" ಎಂದು ಬರೆಯಬೇಡಿ. ಹೆಚ್ಚಿದರೂ ಅದು ಶಾಲೆಯಿಂದಲೋ ಗ್ರಂಥಾಲಯದಿಂದಲೋ ಎಂದು ಬೇರ್ಪಡಿಸಿ ಹೇಳಲು ನಿಮ್ಮಿಂದ ಆಗುವುದಿಲ್ಲ. ನಾವು ಮೂರೇ ಎಣಿಕೆ ಕೊಟ್ಟೆವು: ತಿಂಗಳಲ್ಲಿ ಎಷ್ಟು ಸಂಜೆ ಬಾಗಿಲು ತೆರೆಯಿತು, ಎಷ್ಟು ಪುಸ್ತಕ ಮನೆಗೆ ಹೋಯಿತು, ಒಯ್ದವರಲ್ಲಿ ಎರಡನೆಯ ಸಲ ಬಂದವರು ಎಷ್ಟು. ಮೂರನೆಯದು ಮುಖ್ಯ. ಮೊದಲ ತಿಂಗಳು ಕುತೂಹಲಕ್ಕೆ ಎಲ್ಲರೂ ಬರುತ್ತಾರೆ, ಪುಸ್ತಕ ಹಿಡಿಸದಿದ್ದರೆ ಹಿಂದಿರುಗಿಸಿ ಮತ್ತೆ ಬರುವುದಿಲ್ಲ.

ಈ ಎಣಿಕೆ ಬರುವುದು ಒಂದೇ ಜಾಗದಿಂದ, ಪುಸ್ತಕ ಕೊಡುವ ವಹಿಯಿಂದ. ಅದರ ಸುಳ್ಳನ್ನು ಹಿಡಿಯುವುದು ಸುಲಭ. ಒಮ್ಮೆ ಒಂದು ಗ್ರಂಥಾಲಯಕ್ಕೆ ಭೇಟಿಗೆ ಹೋಗಿದ್ದೆ. ವಹಿಯಲ್ಲಿ ಆ ತಿಂಗಳು ಇನ್ನೂರು ಪುಸ್ತಕ ಹೊರಗೆ ಹೋಗಿದ್ದವು. ಆದರೆ ಐದು ಪುಟದುದ್ದಕ್ಕೂ ಒಂದೇ ನೀಲಿ, ಒಂದೇ ಒತ್ತು, ಅಕ್ಷರದ ಬಾಲ ಒಂದೇ ಕಡೆಗೆ ಬಾಗಿತ್ತು. ನಿಜವಾದ ವಹಿ ಗಲೀಜಾಗಿರುತ್ತದೆ: ಪೆನ್ನು ಬದಲಾಗಿರುತ್ತದೆ, ಹೆಸರು ಹೊಡೆದು ಬರೆದಿರುತ್ತದೆ, ಎರಡನೇ ತರಗತಿಯ ಮಗು ಸಹಿ ಮಾಡುವ ಹುರುಪಿನಲ್ಲಿ ಮುಂದಿನ ಎರಡು ಸಾಲಿನ ಮೇಲೂ ಹರಿದುಬಂದಿರುತ್ತದೆ. ಆಮೇಲೆ ಕಪಾಟಿನಿಂದ, ಹೊರಗೆ ಹೋಗಿ ಬಂದಿದೆ ಎಂದು ಬರೆದಿದ್ದ ಒಂದು ಪುಸ್ತಕ ತೆಗೆದು ಬಿಡಿಸಿದೆ. ಬೆನ್ನು ಲಟಕ್ಕೆಂದಿತು. ಅದು ಆ ಪುಸ್ತಕವನ್ನು ಮೊದಲ ಸಲ ಬಿಡಿಸಿದ ಸದ್ದು.

ಕಳಿಸುವ ಹೊತ್ತು ಯಾವುದು ಎಂದು ಆಗಲೇ ಯಾರೋ ಕೇಳಿದಿರಿ. ಕಂಪನಿಯ ವರ್ಷ ಏಪ್ರಿಲ್‌ನಿಂದ. ಮುಂದಿನ ವರ್ಷದ ಕ್ರಿಯಾಯೋಜನೆ ಜನವರಿ ಫೆಬ್ರವರಿಯಲ್ಲಿ ರೂಪ ಪಡೆಯುತ್ತದೆ, ಆದ್ದರಿಂದ ಡಿಸೆಂಬರ್ ಒಳಗೆ ಅವರ ಮೇಜಿನ ಮೇಲಿರಲಿ. ಫೆಬ್ರವರಿ ಕೊನೆಗೆ ಉಳಿದ ದುಡ್ಡು ಖರ್ಚು ಮಾಡುವ ಆತುರದಲ್ಲಿ ಬರುವ ಫೋನುಗಳ ಬಗ್ಗೆ ಎಚ್ಚರ. ಆ ದುಡ್ಡು ಕಪಾಟಿಗೆ ಸಿಗುತ್ತದೆ, ಮನುಷ್ಯರಿಗೆ ಸಿಗುವುದಿಲ್ಲ. ಮಾರ್ಚಿನಲ್ಲಿ ನೌಕರರು ಗೋಡೆಗೆ ಬಣ್ಣ ಬಳಿಯಲು ಬರುತ್ತೇವೆ ಎಂದೂ ಹೇಳುತ್ತಾರೆ. ಒಂದು ಗ್ರಂಥಾಲಯದ ಒಂದೇ ಗೋಡೆಗೆ ನಾಲ್ಕು ವರ್ಷ ನಾಲ್ಕು ಬಣ್ಣ ಬಿದ್ದದ್ದನ್ನು ಕಂಡಿದ್ದೇನೆ. ಬೇಡ ಎನ್ನಬೇಡಿ, ಬೇರೆ ಕೆಲಸ ಕೊಡಿ: ಬಂದು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಲಿ, ಹರಿದ ಪುಸ್ತಕಕ್ಕೆ ರಟ್ಟು ಹಾಕಲಿ.

ನೋಟನ್ನು ಇಂಗ್ಲಿಷಿನಲ್ಲೇ ಕೇಳುತ್ತಾರೆ, ಅದು ತಪ್ಪುವುದಿಲ್ಲ. ಆದರೆ ಮೊದಲು ಕನ್ನಡದಲ್ಲಿ ಬರೆಯಿರಿ, ಮೇಲ್ವಿಚಾರಕಿಗೂ ಪಿಡಿಒಗೂ ಓದಿ ಹೇಳಿ. ನಮ್ಮ ಮೇಲ್ವಿಚಾರಕಿ "ಎಂಟರವರೆಗೆ" ಎಂಬಲ್ಲಿ ತಡೆದರು. ಮಳೆಗಾಲದಲ್ಲಿ ಏಳಕ್ಕೇ ಕರೆಂಟ್ ಹೋಗುತ್ತದೆ, ಹೆಣ್ಣುಮಕ್ಕಳನ್ನು ಕತ್ತಲಲ್ಲಿ ಕಳಿಸುವವರು ಯಾರು ಎಂದರು. ಹಾಗಾಗಿ ಚಾರ್ಜ್ ಆಗುವ ಎರಡು ದೀಪ ಬಜೆಟ್ಟಿಗೆ ಬಂದವು, ಕೆಳಗಿನ ಬೀದಿಯ ಮಕ್ಕಳನ್ನು ಸಹಾಯಕಿ ಗುಂಪಾಗಿ ಬಿಟ್ಟು ಬರುವುದು ಎಂಬ ಸಾಲೂ ಬಂತು.

ನೋಟು ಕಳಿಸಿದ ಏಳನೆಯ ವಾರ ಆ ಕಂಪನಿಯ ಅಧಿಕಾರಿ ಊರಿಗೆ ಬಂದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೂವು ಕೊಡಿಸುವುದು ಬೇಡ ಎಂದು ಮೊದಲೇ ತೀರ್ಮಾನಿಸಿದ್ದೆವು. ಸಂಜೆ ಆರಕ್ಕೆ ಬನ್ನಿ ಎಂದಿದ್ದೆವು, ಅಷ್ಟೇ. ಅವರು ಡೇರಿಯ ಸಾಲನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತರು, ಮುಚ್ಚಿದ ಬಾಗಿಲ ಹತ್ತಿರ ಹೋಗಿ ಬೀಗ ಮುಟ್ಟಿ ನೋಡಿದರು. "ಇದಕ್ಕೆ ಕೈ ಎಷ್ಟಿವೆ?" ಎಂದು ಕೇಳಿದರು. ಮೇಲ್ವಿಚಾರಕಿ ಹೇಳಿದರು: "ಈಗ ಒಂದು ಮೇಡಂ, ನನ್ನ ಹತ್ತಿರ ಇದೆ. ನಿರ್ಣಯದಲ್ಲಿ ಮೂರು ಅಂತ ಬರೆಸಿದ್ದೇವೆ. ಇನ್ನೊಂದು ಸಂಜೆ ಬರುವ ಹುಡುಗಿಗೆ. ಮತ್ತೊಂದು ಡೇರಿಯಲ್ಲಿ, ಮೊಳೆಗೆ ನೇತು ಹಾಕಿರುತ್ತೇವೆ."